ಎತ್ತರದ ಹಣೆಗೆ ಬೈತಲೆ, ಮುಂಗುರುಳು

ಹಣೆ ದೊಡ್ಡದಾಗಿ ಕಾಣುತ್ತದೆ ಎಂದು ಪಾರ್ಲರಿಗೆ ಬರುವ ಹೆಂಗಸರು ಮೊದಲು ಕೇಳುವುದು ಮುಂದಿನ ಕೂದಲನ್ನು ಕತ್ತರಿಸಿ ಹಣೆಯ ಮೇಲೆ ಇಳಿಬಿಡಲು. ಪುಣೆಯಲ್ಲಿ ಈ ಕೆಲಸ ಕಲಿಯಲು ನನ್ನ ಬಳಿ ಬರುವ ಹುಡುಗಿಯರು ಕೂಡ ಮೊದಲು ಕತ್ತರಿಯನ್ನೇ ಎತ್ತಿಕೊಳ್ಳುತ್ತಾರೆ. ಕತ್ತರಿಯನ್ನು ಪಕ್ಕಕ್ಕಿಡಿಸಿ ನಾನು ಬಾಚಣಿಗೆ ಕೊಡುತ್ತೇನೆ. ಹಣೆಯ ಎತ್ತರವನ್ನು ತಗ್ಗಿಸಿ ತೋರಿಸುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಬೈತಲೆಯಿಂದಲೇ ಆಗುತ್ತದೆ. ಬೈತಲೆ ತಪ್ಪಿದ್ದರೆ ಎಷ್ಟು ಚೆನ್ನಾಗಿ ಕತ್ತರಿಸಿದ ಮುಂಗುರುಳೂ ಮಧ್ಯಾಹ್ನದ ಹೊತ್ತಿಗೆ ಎರಡಾಗಿ ಸೀಳಿ ಹಣೆಯನ್ನು ಬಿಟ್ಟುಕೊಡುತ್ತದೆ.

ನೋಡುವವರ ಕಣ್ಣು ಸೆಂಟಿಮೀಟರ್ ಲೆಕ್ಕ ಹಾಕುವುದಿಲ್ಲ. ಕೂದಲು ಶುರುವಾಗುವ ಅಂಚಿನ ಅತಿ ಎತ್ತರದ ಬಿಂದು ಎಲ್ಲಿದೆ ಎಂದು ಅದು ಹುಡುಕುತ್ತದೆ. ಆ ಬಿಂದು ಮೂಗಿನ ನೇರಕ್ಕೆ, ಮುಖದ ನಟ್ಟನಡುವೆ ಇದ್ದರೆ ಗಲ್ಲದಿಂದ ಅಲ್ಲಿಯವರೆಗೆ ಒಂದೇ ಗೆರೆಯಲ್ಲಿ ಹತ್ತಿ ಹೋಗುತ್ತದೆ. ಆಮೇಲೆ ಅಂಚು ಈ ಕಿವಿಯಿಂದ ಆ ಕಿವಿಯವರೆಗೆ ತಡೆಯಿಲ್ಲದೆ ಪೂರ್ತಿ ಕಾಣುತ್ತದೆಯೇ ಎಂದು ನೋಡುತ್ತದೆ. ಎತ್ತರದ ಬಿಂದುವನ್ನು ನಡುವಿನಿಂದ ಪಕ್ಕಕ್ಕೆ ಸರಿಸುವುದು ಮತ್ತು ಅಂಚಿನ ಗೆರೆಯನ್ನು ಒಂದೆರಡು ಕಡೆ ತುಂಡರಿಸುವುದು, ನಾವು ಮಾಡುವುದು ಈ ಎರಡೇ ಕೆಲಸ. ಹಣೆಯನ್ನು ಪೂರ್ತಿ ಮುಚ್ಚುವ ಅಗತ್ಯ ಬರುವುದು ತೀರ ಅಪರೂಪ.

ಮೊದಲು ಅಳೆದು ನೋಡಿ. ಕೂದಲನ್ನು ಪೂರ್ತಿ ಹಿಂದಕ್ಕೆ ಬಾಚಿ, ಹೇರ್‌ಬ್ಯಾಂಡ್ ಹಾಕಿ, ಬೆಳಕಿಗೆ ಎದುರಾಗಿ ಕನ್ನಡಿಯ ಮುಂದೆ ಕುಳಿತುಕೊಳ್ಳಿ. ದರ್ಜಿಯ ಟೇಪಿನಿಂದ ಮೂರು ಅಳತೆ ಸಾಕು: ಕೂದಲಿನ ಅಂಚಿನಿಂದ ಹುಬ್ಬುಗಳ ನಡುವಿನ ತನಕ, ಅಲ್ಲಿಂದ ಮೂಗಿನ ಬುಡದ ತನಕ, ಅಲ್ಲಿಂದ ಗಲ್ಲದ ತುದಿಯ ತನಕ. ಮೂರೂ ಹೆಚ್ಚುಕಡಿಮೆ ಸಮವಾಗಿದ್ದರೆ ನಿಮ್ಮ ಹಣೆ ಎತ್ತರದ್ದಲ್ಲ, ನಿಮಗೆ ಹಾಗನ್ನಿಸುವುದಕ್ಕೆ ನೀವು ಬಾಚುವ ರೀತಿಯೇ ಕಾರಣವಿರಬಹುದು. ಮೊದಲನೆಯದು ಉಳಿದೆರಡಕ್ಕಿಂತ ಒಂದು ಸೆಂಟಿಮೀಟರಿನಷ್ಟು ಹೆಚ್ಚಿದ್ದರೆ ಎದುರಿಗಿದ್ದವರಿಗೂ ಅದು ಗೊತ್ತಾಗುತ್ತದೆ. ಹಣೆಯ ಮೇಲೆ ನಾಲ್ಕು ಬೆರಳಿಟ್ಟು ನೋಡುವ ರೂಢಿಯೂ ಇದೆ. ಆದರೆ ಅದು ಅವರವರ ಬೆರಳೇ ಆಗಿರಬೇಕು, ಪಾರ್ಲರಿನವಳ ಬೆರಳಾದರೆ ಲೆಕ್ಕ ತಪ್ಪುತ್ತದೆ.

ಅಳೆಯುವಾಗಲೇ ಅಂಚಿನ ಆಕಾರವನ್ನೂ ನೋಡಿಕೊಳ್ಳಿ. ಕೆಲವರದು ದುಂಡಗಿನ ಕಮಾನು, ಕೆಲವರದು ನೇರ ಗೆರೆ. ಕೆಲವರಿಗೆ ನಡುವೆ ಕೂದಲು ಚೂಪಾಗಿ ಕೆಳಗಿಳಿದು ಎರಡು ಮೂಲೆಗಳು ಹಿಂದಕ್ಕೆ ಸರಿದಿರುತ್ತವೆ. ಎರಡು ಮೂಲೆಗಳು ಒಂದೇ ಸಮ ಇರುವವರು ಕಡಿಮೆ. ಯಾವ ಮೂಲೆ ಹೆಚ್ಚು ಬರಿದಾಗಿದೆ ಎಂದು ಗುರುತಿಟ್ಟುಕೊಳ್ಳಿ, ಬೈತಲೆಯನ್ನು ಯಾವ ಕಡೆ ತೆಗೆಯಬೇಕೆಂದು ಹೇಳುವುದು ಅದೇ.

ಇಲ್ಲಿಯೇ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಈ ಅಂಚು ಮೊದಲಿನಿಂದಲೂ ಇಲ್ಲೇ ಇತ್ತೇ, ಅಥವಾ ಈಚೆಗೆ ಹಿಂದಕ್ಕೆ ಸರಿದಿದೆಯೇ? ಕಾಲೇಜಿನ ದಿನಗಳ ಒಂದು ಫೋಟೋ ತೆಗೆದು ಹೋಲಿಸಿದರೆ ತಿಳಿದುಬಿಡುತ್ತದೆ. ಹುಟ್ಟಿನಿಂದ ಬಂದ ಎತ್ತರದ ಹಣೆಯ ಅಂಚಿನಲ್ಲಿ ಸಣ್ಣ, ನವಿರಾದ ಮರಿಕೂದಲು ಇರುತ್ತದೆ. ವರ್ಷಗಟ್ಟಲೆ ಬಿಗಿಯಾಗಿ ಹೆರಳು ಹಾಕಿದವರಲ್ಲಿ, ಎಳೆದು ತುರುಬು ಕಟ್ಟಿದವರಲ್ಲಿ ಕಿವಿಯ ಮುಂದೆ ಮತ್ತು ಮೂಲೆಗಳಲ್ಲಿ ಕೂದಲು ತೆಳುವಾಗುತ್ತದೆ. ಜಡೆ ಹಾಕಿದ ಮೇಲೆ ಬುಡ ನೋಯುವುದು, ಅಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುವುದು ಅದರ ಮುನ್ಸೂಚನೆ. ಬೇಗ ಗಮನಿಸಿ ಸಡಿಲ ಬಿಟ್ಟರೆ ಕೂದಲು ಮರಳಿ ಬರುತ್ತದೆ, ಹಲವು ವರ್ಷ ಎಳೆದರೆ ಬಾರದೆಯೂ ಇರಬಹುದು. ಹೆರಿಗೆಯಾದ ಎರಡು ಮೂರು ತಿಂಗಳಿಗೆ ಮುಂದಿನ ಕೂದಲು ಹಿಡಿಹಿಡಿಯಾಗಿ ಉದುರಿದರೆ ಗಾಬರಿ ಬೇಡ, ಸಾಮಾನ್ಯವಾಗಿ ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಅದು ತುಂಬಿಕೊಳ್ಳುತ್ತದೆ. ಆ ಅವಧಿಯಲ್ಲಿ ಮಾತ್ರ ಮುಂಗುರುಳು ಕತ್ತರಿಸಿಕೊಳ್ಳಬೇಡಿ. ಬೈತಲೆಯ ಗೆರೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ, ಅಥವಾ ಅಂಚಿನ ಚರ್ಮ ನುಣುಪಾಗಿ ಹೊಳೆಯುತ್ತಾ ಮರಿಕೂದಲೇ ಇಲ್ಲವಾಗಿ, ಜೊತೆಗೆ ಹುಬ್ಬೂ ತೆಳುವಾಗುತ್ತಿದ್ದರೆ ಚರ್ಮದ ಡಾಕ್ಟರರ ಬಳಿ ಹೋಗಿ. ಮುಟ್ಟು ನಿಂತ ಮೇಲೆ ಕೆಲವು ಹೆಂಗಸರಿಗೆ ಬರುವ ಒಂದು ಕಾಯಿಲೆಯಲ್ಲಿ ಹೀಗಾಗುತ್ತದೆ. ಕೂದಲಿನ ಬುಡವೇ ಹಾಳಾಗುವುದರಿಂದ ತಡಮಾಡಿದಷ್ಟೂ ನಷ್ಟ. ಇಂಥವರಿಗೆ ಮೊದಲು ಮುಂಗುರುಳು ಕತ್ತರಿಸಿಕೊಟ್ಟರೆ ಕಾಯಿಲೆ ಅದರ ಕೆಳಗೆ ಕಣ್ಣಿಗೆ ಬೀಳದಂತೆ ಬೆಳೆಯುತ್ತದೆ.

ಇನ್ನು ಬೈತಲೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಅಮ್ಮನೋ ಅಜ್ಜಿಯೋ ಮೊದಲು ತೆಗೆಯುವುದು ನಡುಬೈತಲೆಯನ್ನೇ. ಮುಖದ ಎರಡು ಬದಿ ಸಮವಾಗಿದ್ದು ಹಣೆ ಚಿಕ್ಕದಾಗಿದ್ದರೆ ಅದರಷ್ಟು ಚೆಂದ ಬೇರೆ ಇಲ್ಲ. ಎತ್ತರದ ಹಣೆಗೆ ಅದು ಒಗ್ಗದಿರಲು ಕಾರಣವಿದೆ. ನಡುಬೈತಲೆಯ ಗೆರೆ ಅಂಚಿನ ಅತಿ ಎತ್ತರದ ಬಿಂದುವಿಗೇ ಬಂದು ಸೇರುತ್ತದೆ, ಅಲ್ಲಿಂದ ಕೂದಲು ಎರಡೂ ಕಡೆಗೆ ಜಾರಿ ಇಳಿಯುತ್ತದೆ. ಹಣೆಯ ಮೇಲೆ ಒಂದು ಕಮಾನು ತೆರೆದಂತಾಗುತ್ತದೆ, ಆ ಕಮಾನಿನ ತುದಿ ಮೂಗಿನ ನೇರಕ್ಕೆ ಇರುತ್ತದೆ. ಅದರ ಮೇಲೆ ಬೈತಲೆಯ ಬಿಳಿ ಗೆರೆಯೂ ಸೇರಿಕೊಂಡು ಹಣೆ ಇನ್ನೂ ಎರಡು ಬೆರಳು ಮೇಲಕ್ಕೆ ಹೋದಂತೆ ತೋರುತ್ತದೆ.

ಬೈತಲೆಯನ್ನು ಹುಬ್ಬಿನ ಕಮಾನಿನ ನೇರಕ್ಕೆ ಸರಿಸಿ ನೋಡಿ. ಕೂದಲು ಒಂದು ಕಡೆಯಿಂದ ಎದ್ದು ಹಣೆಯನ್ನು ಓರೆಯಾಗಿ ದಾಟಿ ಇನ್ನೊಂದು ಕಡೆಯ ಕಿವಿಯತ್ತ ಇಳಿಯುತ್ತದೆ. ಎತ್ತರದ ಬಿಂದು ಪಕ್ಕಕ್ಕೆ ಹೋಯಿತು, ಒಂದು ಮೂಲೆ ಪೂರ್ತಿ ಮುಚ್ಚಿತು, ಉಳಿದ ಹಣೆ ಓರೆ ಗೆರೆಯ ಕೆಳಗೆ ಬಂತು. ಒಂದು ಎಳೆಯನ್ನೂ ಕತ್ತರಿಸದೆ ಇಷ್ಟಾಗುತ್ತದೆ. ಹುಬ್ಬಿನ ಹೊರತುದಿಗಿಂತ ಆಚೆಗೆ ಮಾತ್ರ ಸರಿಸಬೇಡಿ. ಅಷ್ಟು ದೂರ ಹೋದರೆ ಒಂದು ಬದಿಗೆ ಕೂದಲೇ ಇಲ್ಲದಂತಾಗಿ ಬೋಳಿನ ಭಾಗವನ್ನು ಮುಚ್ಚಲು ಬಾಚಿದಂತೆ ಕಾಣುತ್ತದೆ.

ಎಡಕ್ಕೋ ಬಲಕ್ಕೋ? ಹೆಚ್ಚು ಬರಿದಾದ ಮೂಲೆಯ ಎದುರು ಬದಿಗೆ. ಬಲಮೂಲೆ ಬರಿದಾಗಿದ್ದರೆ ಬೈತಲೆ ಎಡಕ್ಕೆ, ಆಗ ಕೂದಲು ಬಂದು ಬಲಮೂಲೆಯ ಮೇಲೆ ಬೀಳುತ್ತದೆ. ಆದರೆ ಕೂದಲಿಗೂ ತನ್ನದೇ ಒಂದು ಒಲವಿದೆ. ತಲೆ ತೊಳೆದ ಮೇಲೆ ಒದ್ದೆ ಕೂದಲನ್ನು ಪೂರ್ತಿ ಹಿಂದಕ್ಕೆ ಬಾಚಿ, ನೆತ್ತಿಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿ. ಕೂದಲು ತಾನಾಗಿ ಎಲ್ಲಿ ಬಿರಿಯುತ್ತದೋ ಅದು ಅದರ ಸಹಜ ಬೈತಲೆ. ಹಣೆಯ ಅಂಚಿನಲ್ಲಿ ಸುಳಿ ಇದ್ದರೆ ಅದೂ ಈಗಲೇ ಕಾಣುತ್ತದೆ, ಒಂದು ಗುಂಪು ಕೂದಲು ಮೊಂಡಾಗಿ ಮೇಲೆದ್ದು ತಿರುಗುತ್ತದೆ. ಬರಿದಾದ ಮೂಲೆ ಒಂದು ಕಡೆ, ಸಹಜ ಒಲವು ಇನ್ನೊಂದು ಕಡೆ ಇದ್ದರೆ ನಾನು ಒಲವಿನ ಕಡೆಗೇ ವಾಲುತ್ತೇನೆ. ದಿನವಿಡೀ ಕೂದಲಿನ ಜೊತೆ ಜಗಳವಾಡುವ ಬೈತಲೆಯನ್ನು ಯಾರೂ ಒಂದು ವಾರಕ್ಕಿಂತ ಹೆಚ್ಚು ಉಳಿಸಿಕೊಳ್ಳುವುದಿಲ್ಲ.

ಗೆರೆ ತೆಗೆಯುವಾಗ ಅಂಚಿನಿಂದ ನೇರ ಹಿಂದಕ್ಕೆ ಹೋಗದೆ ನೆತ್ತಿಯ ಸುಳಿಯ ಕಡೆಗೆ ಓರೆಯಾಗಿ ಎಳೆಯಿರಿ. ಓರೆ ಗೆರೆಯ ಮೇಲೆ ಮುಂದಿನ ಕೂದಲು ಸ್ವಲ್ಪ ಒರಗುತ್ತದೆ, ಹೀಗಾಗಿ ಬಿಳಿ ಗೆರೆ ಎದುರಿನಿಂದ ಕಾಣುವುದಿಲ್ಲ. ನಡುಬೈತಲೆಯನ್ನು ಬಿಡಲು ಮನಸ್ಸಿಲ್ಲದವರು ಅಲ್ಲೇ ಬಾಚಣಿಗೆಯ ತುದಿಯಿಂದ ಎಡಕ್ಕೆ ಬಲಕ್ಕೆ ಅರ್ಧರ್ಧ ಸೆಂಟಿಮೀಟರ್ ಅಂಕುಡೊಂಕು ಮಾಡಿ ತೆಗೆದರೂ ಗೆರೆ ಒಡೆದು ಸ್ವಲ್ಪ ಉಪಯೋಗವಾಗುತ್ತದೆ. ಇಪ್ಪತ್ತು ವರ್ಷ ಒಂದೇ ಕಡೆ ಬೈತಲೆ ತೆಗೆದ ಕೂದಲು ಹೊಸ ಕಡೆಗೆ ಬೀಳಲು ಎರಡು ಮೂರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಬೆಳಿಗ್ಗೆ ಬುಡವನ್ನಷ್ಟೇ ಒದ್ದೆ ಮಾಡಿ, ಹೊಸ ದಿಕ್ಕಿಗೆ ಬಾಚಿ, ಒಣಗುವ ತನಕ ಒಂದು ಚಪ್ಪಟೆ ಕ್ಲಿಪ್ ಹಾಕಿಡಬೇಕು. ತುದಿಯನ್ನು ಎಷ್ಟು ಬಾಚಿದರೂ ದಿಕ್ಕು ಬದಲಾಗುವುದಿಲ್ಲ, ಬುಡ ಒಣಗುವಾಗ ಯಾವ ಕಡೆಗಿತ್ತೋ ಆ ಕಡೆಗೇ ಕೂದಲು ನಿಲ್ಲುತ್ತದೆ.

ಮುಂಗುರುಳಿನ ಮಾತಿಗೆ ಬಂದರೆ ನಟಿ ಸಾಧನಾ ಅವರನ್ನು ಬಿಟ್ಟು ಮುಂದೆ ಹೋಗಲಾಗದು. 1960ರಲ್ಲಿ ಬಂದ ‘ಲವ್ ಇನ್ ಸಿಮ್ಲಾ’ ಚಿತ್ರದ ತಯಾರಿಯಲ್ಲಿ ಅವರ ಹಣೆ ಅಗಲವಾಯಿತೆಂದು ನಿರ್ದೇಶಕ ಆರ್. ಕೆ. ನಯ್ಯರ್ ಅವರಿಗೆ ಅನ್ನಿಸಿತು. ಮೊದಲು ಅಂಚಿನುದ್ದಕ್ಕೂ ಒಂದು ಪಟ್ಟಿ ಅಂಟಿಸಿ ನೋಡಿದರು, ಒಗ್ಗಲಿಲ್ಲ. ಆಮೇಲೆ ಹಾಲಿವುಡ್‌ನ ಆಡ್ರಿ ಹೆಪ್‌ಬರ್ನ್ ಅವರ ಹಾಗೆ ಮುಂದಿನ ಕೂದಲನ್ನು ಕತ್ತರಿಸಿ ಹಣೆಯ ಮೇಲೆ ಬಿಟ್ಟರು. ದೇಶದ ಊರೂರಿನಲ್ಲಿ ಹುಡುಗಿಯರು ‘ಸಾಧನಾ ಕಟ್’ ಕೇಳಿ ಮಾಡಿಸಿಕೊಂಡರು. ಇವತ್ತಿಗೂ ಪುಣೆಯಲ್ಲಿ ವಯಸ್ಸಾದ ಕಾಕೂಗಳು ಮುಂಗುರುಳಿಗೆ ಆ ಹೆಸರೇ ಹೇಳುತ್ತಾರೆ.

ಕಲಿಯುವವರು ಆ ಚಿತ್ರದ ಒಂದು ಫೋಟೋವನ್ನು ದೊಡ್ಡದು ಮಾಡಿ ನೋಡಬೇಕು. ಆ ಮುಂಗುರುಳು ಹಣೆಯನ್ನು ಪೂರ್ತಿ ಮುಚ್ಚಿಲ್ಲ. ಎಳೆ ಎಳೆಯಾಗಿ ಬಿಡಿಸಿಕೊಂಡಿದೆ, ನಡುನಡುವೆ ಹಣೆ ಕಾಣುತ್ತದೆ. ಆದರೆ ಅಂಚಿನ ಗೆರೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಪಟ್ಟಿ ಅಂಟಿಸಿದಾಗ ಗೆರೆ ಸ್ವಲ್ಪ ಕೆಳಗಿಳಿದಿತ್ತು ಅಷ್ಟೆ, ಗೆರೆಯಾಗಿಯೇ ಉಳಿದಿತ್ತು. ಮುಂಗುರುಳು ಗೆರೆಯನ್ನೇ ಅಳಿಸಿತು. ಹಿಂದೆ ತುರುಬಿದ್ದರೂ ಜಡೆ ಇದ್ದರೂ ಸೀರೆಗೂ ಚೂಡಿದಾರಕ್ಕೂ ಅದು ಹೊಂದಿಕೊಂಡಿತು. ಹಿಂದಿನ ಉದ್ದವನ್ನು ಮುಟ್ಟದೆ ಮಾಡಬಹುದಾದ ಬದಲಾವಣೆಯಾದ್ದರಿಂದಲೇ ಉದ್ದ ಕೂದಲಿನ ನಮ್ಮ ಹೆಣ್ಣುಮಕ್ಕಳು ಅದನ್ನು ಅಷ್ಟು ಸಲೀಸಾಗಿ ಒಪ್ಪಿಕೊಂಡರು ಎಂದು ನನ್ನ ನಂಬಿಕೆ.

ಈಗ ಕತ್ತರಿಸುವ ವಿಧಾನ. ಹೊಸಬರು ಅಂಚಿನ ಕೂದಲನ್ನಷ್ಟೇ ಮುಂದೆ ತಂದು ಕತ್ತರಿಸುತ್ತಾರೆ. ಎತ್ತರದ ಹಣೆಯವರಲ್ಲಿ ಅಂಚಿನ ಕೂದಲು ಸಾಮಾನ್ಯವಾಗಿ ನವಿರು, ವಿರಳ. ಅದೊಂದನ್ನೇ ಕತ್ತರಿಸಿದರೆ ಐದಾರು ಎಳೆ ಹಣೆಗೆ ಅಂಟಿಕೊಂಡು ನಿಲ್ಲುತ್ತವೆ. ಮುಂಗುರುಳಿಗೆ ಬೇಕಾದ ಕೂದಲು ಹಿಂದಿನಿಂದ ಬರಬೇಕು. ಎಷ್ಟು ಹಿಂದಿನಿಂದ ಎಂದು ತಿಳಿಯಲು ಬಾಚಣಿಗೆಯನ್ನು ತಲೆಯ ಮೇಲೆ ಮುಂದಿನಿಂದ ಹಿಂದಕ್ಕೆ ಮಲಗಿಸಿ ಇಡಿ. ತಲೆಬುರುಡೆ ಎಲ್ಲಿ ಹಣೆಯ ಕಡೆಗೆ ಬಾಗತೊಡಗುತ್ತದೋ ಅಲ್ಲಿ ಬಾಚಣಿಗೆಗೂ ತಲೆಗೂ ನಡುವೆ ಸಂದು ಬೀಳುತ್ತದೆ. ಆ ಸಂದು ಶುರುವಾಗುವ ಜಾಗ ಅಂಚಿನಿಂದ ಸುಮಾರು ಎರಡು ಇಂಚು ಹಿಂದಿರುತ್ತದೆ. ಅದಕ್ಕಿಂತ ಹಿಂದಿನ ಕೂದಲು ಮುಂದಕ್ಕೆ ಬೀಳುವುದಿಲ್ಲ, ಅದನ್ನು ಸೇರಿಸಿಕೊಂಡರೆ ನೆತ್ತಿಯ ಮೇಲೆ ಮೋಟು ಕೂದಲು ನಿಗುರಿ ನಿಲ್ಲುತ್ತದೆ.

ಆ ಜಾಗದಲ್ಲಿ, ಬೈತಲೆಯ ಮೇಲೆಯೇ, ತ್ರಿಕೋನದ ಒಂದು ತುದಿ ಇಟ್ಟುಕೊಳ್ಳಿ. ಉಳಿದೆರಡು ತುದಿ ಅಂಚಿನ ಮೇಲೆ, ಎರಡೂ ಹುಬ್ಬುಗಳ ಹೊರತುದಿಯ ನೇರಕ್ಕೆ ಬರಲಿ. ತ್ರಿಕೋನದೊಳಗಿನ ಕೂದಲು ಮುಂಗುರುಳಿಗೆ, ಉಳಿದದ್ದನ್ನು ಕ್ಲಿಪ್ ಹಾಕಿ ಹಿಂದಕ್ಕೆ ಕಟ್ಟಿಬಿಡಿ. ಅಗಲ ಹುಬ್ಬಿನ ಹೊರತುದಿಯನ್ನು ದಾಟಬಾರದು. ದಾಟಿದರೆ ಮೂಲೆಯನ್ನು ಮುಚ್ಚಬೇಕಾದ ಉದ್ದ ಕೂದಲೇ ಕತ್ತರಿಯ ಪಾಲಾಗುತ್ತದೆ. ನೆತ್ತಿಯಲ್ಲಿ ಕೂದಲು ತೆಳುವಿದ್ದವರಿಗೆ ತ್ರಿಕೋನ ಚಿಕ್ಕದಿರಲಿ. ಮುಂದಕ್ಕೆ ತೆಗೆದಷ್ಟೂ ಮೇಲೆ ಬರಿದಾಗುತ್ತದೆ.

ಹುಬ್ಬಿನ ಮೇಲೆ ನೇರವಾಗಿ ಕತ್ತರಿಸುವ ದಟ್ಟ ಮುಂಗುರುಳು ಹಣೆಯನ್ನು ಪೂರ್ತಿ ಮುಚ್ಚುವುದೇನೋ ನಿಜ. ಉದ್ದ ಮುಖದವರಿಗೆ, ನೇರ ಕೂದಲಿನವರಿಗೆ ಅದು ಒಪ್ಪುತ್ತದೆ. ದುಂಡು ಮುಖವನ್ನು ಮಾತ್ರ ಇನ್ನೂ ಗಿಡ್ಡ ಮಾಡುತ್ತದೆ, ಸುಳಿ ಇದ್ದರೆ ನಡುವೆ ಬಿರಿಯುತ್ತದೆ, ಮೂರ್ನಾಲ್ಕು ವಾರಕ್ಕೊಮ್ಮೆ ಕತ್ತರಿಸದಿದ್ದರೆ ಕಣ್ಣಿಗೆ ಚುಚ್ಚುತ್ತದೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು ಬೆಳೆಯುತ್ತದೆ ಎನ್ನುವುದನ್ನು ಮರೆಯಬಾರದು. ಮೊದಲ ಬಾರಿಗೆ ಮುಂಗುರುಳು ಬಿಡುವವರಿಗೆ ನಾನು ಹೇಳುವುದು ಓರೆಯಾಗಿ ಇಳಿಯುವ ಉದ್ದ ಮುಂಗುರುಳು, ಅಥವಾ ಪಾರ್ಲರುಗಳಲ್ಲಿ ಕರ್ಟನ್ ಬ್ಯಾಂಗ್ಸ್ ಎನ್ನುವ, ಎರಡು ಕಡೆಗೆ ಬಾಗಿ ಕೆನ್ನೆಯೆಲುಬಿನ ತನಕ ಇಳಿಯುವ ಬಗೆ. ಇವೆರಡರಲ್ಲೂ ಕೂದಲು ಹಣೆಯ ನಡುವನ್ನು ಸ್ವಲ್ಪ ಬಿಟ್ಟು ಮೂಲೆಗಳನ್ನು ಮುಚ್ಚುತ್ತದೆ, ಒಂದೂವರೆ ಎರಡು ತಿಂಗಳು ಕತ್ತರಿ ತಾಗದಿದ್ದರೂ ನಡೆಯುತ್ತದೆ.

ಇದನ್ನು ಒಬ್ಬರ ತಲೆಯ ಮೇಲೆ ಹೇಗೆ ಮಾಡಿದೆವು ಎಂದು ಹೇಳಿದರೆ ಸ್ಪಷ್ಟವಾದೀತು. ವಿಜಯಪುರದ ಕಡೆಯ ಹೆಣ್ಣುಮಗಳು, ಮನೆ ಕೋಥರೂಡಿನಲ್ಲಿ, ಕೆಲಸ ಹಿಂಜವಡಿಯ ಕಂಪನಿಯಲ್ಲಿ. ಹೋಗಿಬರುವುದು ಸ್ಕೂಟರಿನಲ್ಲಿ. ಕೂದಲು ಅಲೆ ಅಲೆ, ದಪ್ಪ ಮಧ್ಯಮ, ಬೈತಲೆ ಚಿಕ್ಕಂದಿನಿಂದ ನಡುವೆ. ಹಣೆಯ ಎತ್ತರ ಏಳು ಸೆಂಟಿಮೀಟರ್, ಉಳಿದೆರಡು ಅಳತೆ ಆರಾರು. ಬಲಮೂಲೆ ಎಡಕ್ಕಿಂತ ಹೆಚ್ಚು ಬರಿದು, ಹಳೆಯ ಫೋಟೋದಲ್ಲೂ ಹಾಗೆಯೇ. ದಿನಾ ಮುಂದಿನ ಕೂದಲನ್ನು ಉಬ್ಬಿಸಿ ಪಫ್ ಮಾಡಿ ಪಿನ್ ಹಾಕುತ್ತಿದ್ದರು.

“ಅಕ್ಕಾರ, ಪಫ್ ಎತ್ತರ ಮಾಡಿದ್ರ ಹಣಿ ಸಣ್ಣದು ಕಾಣಸ್ತದ ಅಂತ ಮಾಡ್ಕೋತೀನ್ರಿ.”

“ಉಲ್ಟಾ ಆಗೇದ ನೋಡವಾ. ಪಫ್ ಮಾಡಿದ್ರ ಅಂಚೆಲ್ಲಾ ಬಯಲಾಗ್ತದ, ಮ್ಯಾಲ ಎರಡು ಬೆರಳು ಎತ್ತರಾನೂ ಕೂಡತದ. ಇವತ್ತ ಕತ್ರಿ ಬ್ಯಾಡ, ಬೈತಲಿ ಅಷ್ಟ ಬದಲಿ ಮಾಡೋಣು.”

ಅವತ್ತು ಎಡಹುಬ್ಬಿನ ಕಮಾನಿನ ನೇರಕ್ಕೆ ಬೈತಲೆ ತೆಗೆದು, ನೆತ್ತಿಯ ಕಡೆಗೆ ಓರೆ ಮಾಡಿ, ಬುಡವನ್ನು ಬಲಕ್ಕೆ ಒಣಗಿಸಿ ಕಳಿಸಿದೆ. ಉಬ್ಬು ಬೇಕೇಬೇಕೆಂದರೆ ನೆತ್ತಿಯ ಮೇಲಲ್ಲ, ಕಿವಿಯ ಮೇಲ್ಭಾಗದ ಬದಿಗಳಲ್ಲಿ ಬರಲಿ ಎಂದೆ. ಬದಿಯಲ್ಲಿ ಅಗಲ ಕೂಡಿದರೆ ಎತ್ತರ ತಾನಾಗಿ ತಗ್ಗುತ್ತದೆ. ಮೂರು ವಾರ ಕಳೆದು ಬಂದಾಗ ಹೊಸ ಬೈತಲೆ ಕೂತಿತ್ತು. ಆದರೂ ಅಂಚಿನ ಎಡಭಾಗ ತೆರೆದೇ ಇದೆ ಎಂದು ಅವರಿಗೆ ಅನ್ನಿಸುತ್ತಿತ್ತು, ಅದು ನಿಜವೂ ಆಗಿತ್ತು. ಹಾಗಾಗಿ ಓರೆ ಮುಂಗುರುಳು ಎಂದು ತೀರ್ಮಾನಿಸಿದೆವು.

ತಲೆ ತೊಳೆದು, ಕೂದಲನ್ನು ಬ್ರಷ್ ತಾಗಿಸದೆ ಅದರ ಪಾಡಿಗೆ ಒಣಗಿಸಿದೆ. ಅಲೆ ಇರುವ ಕೂದಲನ್ನು ಒದ್ದೆಯಲ್ಲಿ ಕತ್ತರಿಸಿದರೆ ಒಣಗಿದ ಮೇಲೆ ಒಂದೆರಡು ಸೆಂಟಿಮೀಟರ್ ಮೇಲಕ್ಕೆ ಏರಿಬಿಡುತ್ತದೆ. ಹಣೆಯ ಮೇಲೆ ಅಷ್ಟು ವ್ಯತ್ಯಾಸ ತಡೆಯಲಾಗದು. ಎಡಬೈತಲೆಯ ಮೇಲೆ ತ್ರಿಕೋನದ ತುದಿ ಹಿಡಿದು ಕೂದಲು ಬೇರೆ ಮಾಡಿಕೊಂಡೆ. ಆ ಕೂದಲನ್ನೆಲ್ಲಾ ಎಡಕ್ಕೆ, ಅಂದರೆ ಬೈತಲೆಯ ಕಡೆಗೆ ಬಾಚಿ ಅಲ್ಲಿ ಕತ್ತರಿಸಬೇಕು. ಆಮೇಲೆ ಬಲಕ್ಕೆ ಬಾಚಿದಾಗ ಬೈತಲೆಯ ಹತ್ತಿರ ಗಿಡ್ಡ, ದೂರ ಹೋದಂತೆ ಉದ್ದವಾಗಿ ತಾನಾಗಿ ಓರೆ ಬೀಳುತ್ತದೆ. ಬೀಳುವ ದಿಕ್ಕಿನಲ್ಲೇ ಹಿಡಿದು ಓರೆಯಾಗಿ ಕತ್ತರಿಸಲು ಹೋದರೆ ಗೆರೆ ಗಡುಸಾಗುತ್ತದೆ. ಬೆರಳಿನಿಂದ ಬಿಗಿಯಾಗಿ ಹಿಡಿಯದೆ ಬಾಚಣಿಗೆಯ ಮೇಲೆ ಸಡಿಲವಾಗಿ ಇಟ್ಟುಕೊಂಡು, ಮೊದಲ ಸುತ್ತಿಗೆ ಅತಿ ಗಿಡ್ಡ ಎಳೆಯನ್ನೂ ಮೂಗಿನ ತುದಿಯವರೆಗೆ ಬಿಟ್ಟೆ. ಕತ್ತರಿಯನ್ನು ಅಡ್ಡ ಹಿಡಿಯದೆ ತುದಿಯನ್ನು ಮೇಲ್ಮುಖ ಮಾಡಿ ಸಣ್ಣ ಸಣ್ಣ ಕಚ್ಚು ಕೊಡುತ್ತಾ ಹೋದರೆ ಅಂಚು ಮೆತ್ತಗಾಗುತ್ತದೆ.

ಬಲಕ್ಕೆ ಬಾಚಿ, ತಲೆ ಅಲ್ಲಾಡಿಸಿ, ಎದ್ದು ನಿಂತು ಕನ್ನಡಿ ನೋಡಲು ಹೇಳಿದೆ. ಕುರ್ಚಿಯಲ್ಲಿ ತಲೆ ತಗ್ಗಿಸಿ ಕುಳಿತಾಗ ಕಾಣುವ ಉದ್ದವೇ ಬೇರೆ, ನಿಂತಾಗಿನದೇ ಬೇರೆ. ಇನ್ನೂ ಭಾರವಾಗಿತ್ತು, ಕಣ್ಣಿನ ಮೇಲೆ ಬೀಳುತ್ತಿತ್ತು. ಎರಡನೇ ಸುತ್ತಿಗೆ ಗಿಡ್ಡ ತುದಿಯನ್ನು ಎಡಹುಬ್ಬಿನ ಸ್ವಲ್ಪ ಕೆಳಗೆ ತಂದೆ, ಉದ್ದ ತುದಿ ಬಲಕೆನ್ನೆಯ ಎಲುಬಿಗೆ ಬಂದು ಉಳಿದ ಕೂದಲಿನಲ್ಲಿ ಸೇರಿಕೊಂಡಿತು. ಹುಬ್ಬಿನ ನಡುವಿನಿಂದ ಕೂದಲು ಹಾಯುವ ಜಾಗದವರೆಗೆ ಈಗ ಕಾಣುವುದು ನಾಲ್ಕು ಸೆಂಟಿಮೀಟರಿನಷ್ಟು, ಬಲಮೂಲೆ ಕಾಣುವುದೇ ಇಲ್ಲ. ಹಚ್ಚುವ ಟಿಕಲಿಯನ್ನು ಹುಬ್ಬುಗಳ ನಡುವೆಯೇ ಇಡಲು ಹೇಳಿದೆ. ಅವರು ಒಂದು ಬೆರಳು ಮೇಲೆ ಹಚ್ಚುತ್ತಿದ್ದರು, ಅದು ನೋಡುವವರ ಕಣ್ಣನ್ನು ನೇರ ಹಣೆಯ ಬಯಲಿಗೇ ಕರೆದೊಯ್ಯುತ್ತಿತ್ತು.

ಪುಣೆಯಲ್ಲಿ ಮುಂಗುರುಳಿನ ನಿಜವಾದ ಪರೀಕ್ಷೆ ಆಗುವುದು ರಸ್ತೆಯ ಮೇಲೆ. ಇಲ್ಲಿ ಸ್ಕೂಟರ್ ಓಡಿಸುವ ಹೆಂಗಸರು ತಲೆ, ಮುಖ ಎಲ್ಲ ಸೇರಿಸಿ ಸ್ಕಾರ್ಫ್ ಬಿಗಿದು ಅದರ ಮೇಲೆ ಹೆಲ್ಮೆಟ್ ಹಾಕುತ್ತಾರೆ. ಬೆವರು, ಬಿಸಿ, ಒತ್ತಡ ಮೂರೂ ಸೇರಿದರೆ ಕೂದಲು ಯಾವ ದಿಕ್ಕಿನಲ್ಲಿತ್ತೋ ಅದೇ ದಿಕ್ಕಿನಲ್ಲಿ ಅಚ್ಚಾಗುತ್ತದೆ. ಹೆಚ್ಚಿನವರು ಸ್ಕಾರ್ಫ್ ಕಟ್ಟುವಾಗ ಮುಂಗುರುಳನ್ನು ಹಿಂದಕ್ಕೆ ತಳ್ಳಿಬಿಡುತ್ತಾರೆ, ಆಫೀಸಿನಲ್ಲಿ ಬಿಚ್ಚಿದಾಗ ಅದು ಹಿಂದಕ್ಕೇ ನಿಂತಿರುತ್ತದೆ. ಬೀಳಬೇಕಾದ ದಿಕ್ಕಿಗೇ ಚಪ್ಪಟೆಯಾಗಿ ಬಾಚಿ, ಕಿವಿಯ ಮೇಲೆ ಒಂದು ಟಿಕ್‌ಟಿಕ್ ಪಿನ್ ಹಾಕಿ, ಆಮೇಲೆ ಹತ್ತಿಯ ಸ್ಕಾರ್ಫ್ ಕಟ್ಟಿ. ಅಂಥ ಪಿನ್ನುಗಳು ತುಳಶಿಬಾಗಿನಲ್ಲಿ ರಾಶಿ ರಾಶಿ ಸಿಗುತ್ತವೆ. ಚಪ್ಪಟೆಯಾದುದನ್ನೇ ನೋಡಿ ಕೊಳ್ಳಿ, ಉಬ್ಬಿದ್ದು ಹೆಲ್ಮೆಟ್ಟಿನೊಳಗೆ ತಲೆಗೆ ಒತ್ತುತ್ತದೆ. ತಲುಪಿದ ಮೇಲೆ ಬುಡಕ್ಕೆ ಎರಡು ಬೆರಳು ನೀರು ತಾಗಿಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಚಿದರೆ ಅಚ್ಚು ಬಿಡುತ್ತದೆ.

ಮನೆಯಲ್ಲಿ ಡ್ರೈಯರ್ ಬಳಸುವವರು ತಲೆ ತೊಳೆದ ಕೂಡಲೇ ಮುಂಗುರುಳನ್ನೇ ಮೊದಲು ಒಣಗಿಸಬೇಕು. ಉಳಿದ ಕೂದಲು ಮುಗಿಯುವ ತನಕ ಬಿಟ್ಟರೆ ಅದು ತನಗೆ ತೋಚಿದಂತೆ ಒಣಗಿರುತ್ತದೆ. ಚಪ್ಪಟೆ ಬ್ರಷ್ಷಿನಿಂದ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಣೆಗೆ ಸವರಿದಂತೆ ಎಳೆಯುತ್ತಾ ಗಾಳಿಯನ್ನು ಮೇಲಿನಿಂದ ಕೆಳಕ್ಕೆ ಬಿಟ್ಟರೆ ಸುಳಿಯೂ ಸುಮ್ಮನಾಗುತ್ತದೆ. ದೊಡ್ಡ ದುಂಡು ಬ್ರಷ್ ಬೇಡ, ಅದು ಬುಡವನ್ನು ಮೇಲೆತ್ತಿ ಹಣೆಯನ್ನು ಮತ್ತೆ ತೆರೆಯುತ್ತದೆ. ಮಳೆಗಾಲದ ತೇವದಲ್ಲಿ ಅಲೆಕೂದಲಿನ ಮುಂಗುರುಳು ಮುದುಡಿ ಗಿಡ್ಡವಾಗುವುದರಿಂದ ಜೂನ್ ಬರುವ ಮೊದಲೇ ಸ್ವಲ್ಪ ಉದ್ದ ಬೆಳೆಯಲು ಬಿಡುವುದು ಜಾಣತನ. ಎಣ್ಣೆ ಹಚ್ಚುವ ದಿನ ಮುಂಗುರುಳನ್ನು ಬಿಟ್ಟು ಹಚ್ಚಿ. ಎಣ್ಣೆ ಬಿದ್ದರೆ ಅದು ಎಳೆಗಳಾಗಿ ಅಂಟಿಕೊಂಡು ನಡುನಡುವೆ ಅಂಚು ಇಣುಕುತ್ತದೆ, ಹಣೆಯಲ್ಲಿ ಮೊಡವೆಯೂ ಏಳುತ್ತದೆ. ದಿನಾ ತಲೆ ತೊಳೆಯುವ ಬದಲು ಉಳಿದ ಕೂದಲನ್ನು ಕಟ್ಟಿ, ಬೇಸಿನ್ನಿನಲ್ಲಿ ಮುಂಗುರುಳಷ್ಟನ್ನೇ ತೊಳೆದುಕೊಂಡರೆ ಸಾಕು.

ಮದುವೆಗೆ ಬೇರೆಯೇ ಲೆಕ್ಕ. ಇಲ್ಲಿನ ಮರಾಠಿ ಮದುವೆಗಳಲ್ಲಿ ವಧುವಿನ ಹಣೆಗೆ ಮುತ್ತಿನ ಮುಂಡಾವಳ್ಯಾ ಕಟ್ಟುತ್ತಾರೆ, ನಮ್ಮಲ್ಲಿ ಬಾಸಿಂಗ. ಎರಡೂ ಹಣೆಯ ಮೇಲೆ ಅಡ್ಡವಾಗಿ ಕೂತು ಅಂಚಿನ ಗೆರೆಯನ್ನು ಒಡೆಯುವುದರಿಂದ ಆ ಹೊತ್ತಿಗೆ ಮುಂಗುರುಳಿನ ಅಗತ್ಯವೇ ಇರುವುದಿಲ್ಲ, ಇದ್ದರೆ ದಾರದ ಕೆಳಗಿನಿಂದ ಚೆದುರಿ ಹೊರಬರುತ್ತದೆ. ಅದನ್ನು ಓರೆಯಾಗಿ ತಿರುಚಿ ಕಿವಿಯ ಹಿಂದೆ ಪಿನ್ ಮಾಡಿ. ಬೈತಲೆ ಬೊಟ್ಟು ಇಡುವುದಾದರೆ ಅದರ ಸರ ನಡುಬೈತಲೆಯಲ್ಲೇ ಕೂರಬೇಕಾಗುತ್ತದೆ. ಎತ್ತರದ ಹಣೆಯವರು ಪದಕ ದೊಡ್ಡದಿರುವ, ಸರ ಉದ್ದವಿರುವ ಬೊಟ್ಟನ್ನು ಆರಿಸಿ ಪದಕವನ್ನು ಅಂಚಿನ ಹತ್ತಿರವಲ್ಲದೆ ಹಣೆಯ ನಡುವಿಗೆ ಇಳಿಸಿದರೆ ಬಯಲು ತುಂಬುತ್ತದೆ. ಮದುವೆಗೆ ಎರಡು ತಿಂಗಳಿದೆ ಎನ್ನುವಾಗ ಹೊಸದಾಗಿ ಮುಂಗುರುಳು ಕತ್ತರಿಸಿಕೊಳ್ಳಬೇಡಿ, ತುರುಬಿಗೂ ಸೇರದ, ಹಣೆಗೂ ನಿಲ್ಲದ ಉದ್ದಕ್ಕೆ ಅದು ಸರಿಯಾಗಿ ಆ ದಿನವೇ ಬಂದಿರುತ್ತದೆ.

ಬೇಡವಾಯಿತು ಎಂದರೆ ಬೆಳೆಸಿಕೊಳ್ಳುವುದಕ್ಕೂ ದಾರಿಯಿದೆ. ಹುಬ್ಬಿನ ತನಕ ಇದ್ದ ಮುಂಗುರುಳು ಕೆನ್ನೆಯೆಲುಬು ಮುಟ್ಟಲು ನಾಲ್ಕೈದು ತಿಂಗಳು, ಗಲ್ಲ ಮುಟ್ಟಲು ಸುಮಾರು ಹತ್ತು ತಿಂಗಳು ಬೇಕು. ಮೊದಲೆರಡು ತಿಂಗಳು ಅದು ಕಣ್ಣಿಗೆ ಬೀಳುವಾಗ ನಡುವಿನ ಎಳೆಗಳನ್ನು ಮುಟ್ಟದೆ ಎರಡು ಬದಿಯ ತುದಿಗಳನ್ನಷ್ಟೇ ಓರೆ ಮಾಡಿಸಿಕೊಳ್ಳಿ, ಆಗ ಅದು ಕರ್ಟನ್ ಬ್ಯಾಂಗ್ಸ್ ಆಗಿ ಬದಲಾಗಿ ಮತ್ತೆರಡು ತಿಂಗಳು ಸಾಗುತ್ತದೆ. ಆಮೇಲೆ ಬೈತಲೆಯಿಂದ ಕಿವಿಯವರೆಗೆ ಅಂಚಿನುದ್ದಕ್ಕೂ ಸಡಿಲವಾದ ಒಂದು ಚಿಕ್ಕ ಹೆಣಿಗೆ ಹಾಕಿದರೆ ಮೋಟು ಕೂದಲೆಲ್ಲ ಅದರೊಳಗೆ ಸೇರಿಕೊಳ್ಳುತ್ತದೆ, ಹಣೆಯ ಮೂಲೆಯೂ ಮುಚ್ಚುತ್ತದೆ. ಬುಡ ಎಳೆಯದಷ್ಟು ಸಡಿಲ ಇರಬೇಕು, ಹೆಣೆದ ಮೇಲೆ ಕಿರುಬೆರಳು ಅದರ ಕೆಳಗೆ ಸಲೀಸಾಗಿ ಹೋಗಬೇಕು.